ಏಳರಿಂದ ಎಷ್ಟು ದೂರ

ಹಾವು-ಏಣಿ ಆಡಿ ಬೆಳೆದವರ ಮನಸ್ಸಿನಲ್ಲಿ ದಾಳಕ್ಕೆ ಪಕ್ಷಪಾತವಿಲ್ಲ. ಒಂದೂ ಬೀಳಬಹುದು, ಆರೂ ಬೀಳಬಹುದು; ಆರು ಮುಖಗಳಲ್ಲಿ ಯಾವುದಕ್ಕೂ ಇನ್ನೊಂದಕ್ಕಿಂತ ಹೆಚ್ಚು ಹಕ್ಕಿಲ್ಲ. ಒಂದೇ ದಾಳದ ಆಟದಲ್ಲಿ ಈ ನಂಬಿಕೆ ಸರಿಯಾದದ್ದೇ. ಕೈಗೆ ಎರಡು ದಾಳ ಬಂದು, ಅವುಗಳ ಮೊತ್ತವೇ ಗರ ಎಂದಾದ ಕೂಡಲೇ ಅದು ಸುಳ್ಳಾಗುತ್ತದೆ. ಆದರೆ ಅಭ್ಯಾಸವಾಗಿ ಹೋದ ನಂಬಿಕೆ ಅಷ್ಟು ಬೇಗ ಬಿಟ್ಟುಹೋಗುವುದಿಲ್ಲ. ಎರಡರಿಂದ ಹನ್ನೆರಡರವರೆಗೆ ಹನ್ನೊಂದು ಮೊತ್ತಗಳಿವೆ, ಯಾವುದು ಬೇಕಾದರೂ ಬೀಳಬಹುದು ಎಂದುಕೊಂಡೇ ಬಹಳ ಮಂದಿ ಆಟಕ್ಕೆ ಕೂರುತ್ತಾರೆ.

ಚೌಕಾಬಾರ ಆಡಿದವರಿಗೆ ಮಾತ್ರ ಇದರ ಸುಳಿವು ಮೊದಲೇ ಸಿಕ್ಕಿರುತ್ತದೆ. ನಾಲ್ಕು ಕವಡೆ ಎಸೆದರೆ ಎರಡು ಬೀಳುವುದು ಮಾಮೂಲಿ. ನಾಲ್ಕೂ ಅಂಗಾತ ಬಿದ್ದು ಚೌಕ ಆಗುವುದು, ನಾಲ್ಕೂ ಬೋರಲು ಬಿದ್ದು ಎಂಟು ಆಗುವುದು ಅಪರೂಪ. ಅಪರೂಪವಾದ್ದರಿಂದಲೇ ಆ ಗರ ಬಿದ್ದವರಿಗೆ ಇನ್ನೊಂದು ಸಲ ಎಸೆಯುವ ಅವಕಾಶ. ಎರಡಾಗುವುದಕ್ಕೆ ಯಾವ ಎರಡು ಕವಡೆ ಅಂಗಾತ ಬಿದ್ದರೂ ನಡೆಯುತ್ತದೆ. ಚೌಕಕ್ಕೆ ಇರುವುದು ಒಂದೇ ದಾರಿ. ಎರಡು ದಾಳದ ಲೆಕ್ಕವೂ ಇದೇ ಜಾಡಿನದು. ಒಂದು ಮೊತ್ತ ಎಷ್ಟು ದಾರಿಗಳಲ್ಲಿ ಆಗಬಹುದು ಎನ್ನುವುದರ ಮೇಲೆ ಅದು ಎಷ್ಟು ಸಲ ಬೀಳುತ್ತದೆ ಎನ್ನುವುದು ನಿಂತಿದೆ.

ದಾರಿಗಳನ್ನು ಎಣಿಸುವಾಗ ಒಂದು ಕಡೆ ಎಡವುವುದು ಸುಲಭ. ಒಂದು ದಾಳ ಕೆಂಪು, ಇನ್ನೊಂದು ಬಿಳಿ ಎಂದುಕೊಳ್ಳೋಣ. ಕೆಂಪಿನ ಆರು ಮುಖಗಳಲ್ಲಿ ಪ್ರತಿಯೊಂದರ ಜೊತೆಗೂ ಬಿಳಿಯ ಆರು ಮುಖಗಳು ಬರಬಹುದು, ಒಟ್ಟು 36 ಜೋಡಿ. ಹನ್ನೆರಡಾಗಬೇಕಾದರೆ ಎರಡರಲ್ಲೂ ಆರೇ ಬೀಳಬೇಕು, ಅದು ಒಂದು ದಾರಿ. ಹನ್ನೊಂದಾಗುವುದು ಐದು ಮತ್ತು ಆರರಿಂದ. ಆದರೆ ಕೆಂಪು ಐದು, ಬಿಳಿ ಆರು ಎಂಬುದು ಒಂದು ದಾರಿಯಾದರೆ ಕೆಂಪು ಆರು, ಬಿಳಿ ಐದು ಎಂಬುದು ಇನ್ನೊಂದು. ಹಾಗಾಗಿ ಹನ್ನೊಂದು ಹನ್ನೆರಡರ ಎರಡರಷ್ಟು ಸಲ ಬೀಳುತ್ತದೆ. ದಾಳಗಳೆರಡೂ ಒಂದೇ ಬಣ್ಣದವಾದರೆ ನಮ್ಮ ಕಣ್ಣಿಗೆ ಈ ವ್ಯತ್ಯಾಸ ಕಾಣುವುದಿಲ್ಲ, ಅಷ್ಟೇ. ದಾಳಗಳು ತಮ್ಮ ಪಾಡಿಗೆ ಎರಡಾಗಿಯೇ ಉರುಳುತ್ತವೆ. ಕಲನಶಾಸ್ತ್ರವನ್ನು ಕಟ್ಟಿದವರಲ್ಲಿ ಒಬ್ಬನಾದ ಲೈಬ್ನಿಟ್ಸ್ ಕೂಡ ಇಲ್ಲಿ ಎಡವಿದ. ಹನ್ನೊಂದಕ್ಕೂ ಹನ್ನೆರಡಕ್ಕೂ ಒಂದೊಂದೇ ದಾರಿ, ಆದ್ದರಿಂದ ಎರಡೂ ಸಮ ಎಂದು ಅವನು ಬರೆದಿಟ್ಟಿದ್ದಾನೆ. ಗೆಲಿಲಿಯೊ ಅವನಿಗಿಂತ ಮೊದಲೇ ಮೂರು ದಾಳಗಳ ಲೆಕ್ಕವನ್ನು ಸರಿಯಾಗಿ ಬಿಡಿಸಿದ್ದ. ಹತ್ತಕ್ಕೆ 27 ದಾರಿ, ಒಂಬತ್ತಕ್ಕೆ 25 ದಾರಿ ಎಂದು ಜೋಡಿಗಳನ್ನು ಒಂದೊಂದಾಗಿ ಎಣಿಸಿ ತೋರಿಸಿದ್ದ.

ಹೀಗೆ ಎಣಿಸುತ್ತ ಹೋದರೆ 36 ಜೋಡಿಗಳಲ್ಲಿ ಏಳಕ್ಕೆ 6 ದಾರಿ ಸಿಗುತ್ತವೆ. ಆರಕ್ಕೂ ಎಂಟಕ್ಕೂ 5, ಐದಕ್ಕೂ ಒಂಬತ್ತಕ್ಕೂ 4, ನಾಲ್ಕಕ್ಕೂ ಹತ್ತಕ್ಕೂ 3, ಮೂರಕ್ಕೂ ಹನ್ನೊಂದಕ್ಕೂ 2, ಎರಡಕ್ಕೂ ಹನ್ನೆರಡಕ್ಕೂ 1. ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಏಳರಿಂದ ಎಷ್ಟು ದೂರವೋ ಅಷ್ಟನ್ನು ಆರರಿಂದ ಕಳೆದರೆ ಸಾಕು. ಹತ್ತು ಏಳರಿಂದ ಮೂರು ದೂರ; ಆರರಲ್ಲಿ ಮೂರು ಕಳೆದರೆ ಮೂರು ದಾರಿ.

ಈ ಲೆಕ್ಕವನ್ನೇ ಬೆನ್ನೆಲುಬಾಗಿ ಇಟ್ಟುಕೊಂಡ ಆಟ ಕ್ಯಾಟಾನ್. ಜರ್ಮನಿಯ ಕ್ಲೌಸ್ ಟಾಯ್ಬರ್ ರೂಪಿಸಿದ ಈ ಆಟ 1995ರಲ್ಲಿ ಹೊರಬಂತು. ಆರು ಮೂಲೆಯ 19 ತುಂಡುಗಳನ್ನು ಜೋಡಿಸಿದರೆ ಒಂದು ದ್ವೀಪವಾಗುತ್ತದೆ. ಒಂದೊಂದು ತುಂಡೂ ಮರ, ಇಟ್ಟಿಗೆ, ಗೋಧಿ, ಉಣ್ಣೆ, ಅದಿರು ಇವುಗಳಲ್ಲಿ ಒಂದನ್ನು ಕೊಡುತ್ತದೆ. ಒಂದು ತುಂಡು ಮಾತ್ರ ಮರಳುಗಾಡು, ಅದು ಏನನ್ನೂ ಕೊಡುವುದಿಲ್ಲ. ಉಳಿದ 18 ತುಂಡುಗಳ ಮೇಲೆ ಒಂದೊಂದು ಸಂಖ್ಯೆಯ ಬಿಲ್ಲೆ. ಎರಡು ಮತ್ತು ಹನ್ನೆರಡರ ಬಿಲ್ಲೆ ಒಂದೊಂದೇ, ಮಿಕ್ಕವು ಎರಡೆರಡು. ಏಳರ ಬಿಲ್ಲೆ ಇಲ್ಲವೇ ಇಲ್ಲ. ಆಟಗಾರರು ತುಂಡುಗಳು ಕೂಡುವ ಮೂಲೆಗಳಲ್ಲಿ ಮನೆ ಕಟ್ಟುತ್ತಾರೆ. ಯಾರೇ ದಾಳ ಹಾಕಲಿ, ಬಿದ್ದ ಮೊತ್ತದ ತುಂಡಿಗೆ ತಾಗಿ ಮನೆ ಇರುವವರಿಗೆಲ್ಲ ಆ ವಸ್ತುವಿನ ಒಂದು ಕಾರ್ಡ್ ಸಿಗುತ್ತದೆ. ಕಾರ್ಡ್ ಕೊಟ್ಟು ರಸ್ತೆ, ಹೊಸ ಮನೆ, ಪಟ್ಟಣ ಕಟ್ಟುತ್ತ ಮೊದಲು ಹತ್ತು ಅಂಕ ಮುಟ್ಟಿದವರು ಗೆದ್ದಂತೆ.

ಪ್ರತಿ ಬಿಲ್ಲೆಯ ಮೇಲೆ ಸಂಖ್ಯೆಯ ಕೆಳಗೆ ಸಣ್ಣ ಚುಕ್ಕೆಗಳಿರುತ್ತವೆ. ಹೊಸಬರು ಅದನ್ನು ಅಲಂಕಾರ ಎಂದುಕೊಳ್ಳುವುದುಂಟು. ಎಂಟರ ಕೆಳಗೆ ಐದು ಚುಕ್ಕೆ, ಹತ್ತರ ಕೆಳಗೆ ಮೂರು, ಹನ್ನೆರಡರ ಕೆಳಗೆ ಒಂದು. ಆಟ ಮಾಡಿದವನೇ ದಾರಿಗಳ ಲೆಕ್ಕವನ್ನು ಎಣಿಸಿ ಬಿಲ್ಲೆಯ ಮೇಲೆ ಅಚ್ಚು ಹಾಕಿಸಿ ಕೊಟ್ಟಿದ್ದಾನೆ. ಆರು ಮತ್ತು ಎಂಟನ್ನು ಕೆಂಪು ಬಣ್ಣದಲ್ಲೂ ಬರೆಸಿದ್ದಾನೆ.

ಆ ಕೆಂಪು ಬಣ್ಣವೇ ಕಣ್ಣು ಕಟ್ಟುವುದೂ ಉಂಟು. ಚೆನ್ನೈನ ಒಂದು ಮನೆಯಲ್ಲಿ ಭಾನುವಾರ ಮಧ್ಯಾಹ್ನ ನಾಲ್ಕು ಜನ ಈ ಆಟಕ್ಕೆ ಕೂರುತ್ತಾರೆ: ಅಕ್ಕ, ಭಾವ, ಕೆಲಸ ಸಿಕ್ಕಿ ಊರಿಂದ ಬಂದು ಅವರ ಜೊತೆಗಿರುವ ತಮ್ಮ, ಪಕ್ಕದ ಮನೆಯ ಕಾಲೇಜು ಹುಡುಗಿ. ಮೊದಲ ಮನೆ ಇಡುವ ಸರದಿ ತಮ್ಮನದು. ಅವನ ಮುಂದೆ ಎರಡು ಮೂಲೆಗಳು ಖಾಲಿ ಇವೆ. ಒಂದು ಆರು, ಮೂರು, ಹನ್ನೊಂದು ಕೂಡುವ ಜಾಗ. ಇನ್ನೊಂದು ಐದು, ಒಂಬತ್ತು, ನಾಲ್ಕು ಕೂಡುವ ಜಾಗ.

"ಆರು ಇರೋ ಕಡೆ ಬಿಟ್ಟು ಬೇರೆ ಎಲ್ಲಿ ಕೂರೋದು?" ಎನ್ನುತ್ತಾನೆ ತಮ್ಮ, ಮನೆ ಇಡುತ್ತ.

"ಆರನ್ನ ಮಾತ್ರ ನೋಡ್ಬೇಡ ಕಣೋ. ಮೂರೂ ಬಿಲ್ಲೆಯ ಚುಕ್ಕೆ ಕೂಡಿಸು," ಎನ್ನುತ್ತಾಳೆ ಅಕ್ಕ.

ಕೂಡಿಸಿದರೆ ಮೊದಲನೆಯದಕ್ಕೆ 5, 2, 2 ಸೇರಿ ಒಂಬತ್ತು ಚುಕ್ಕೆ. ಕೆಂಪು ಒಂದೂ ಇಲ್ಲದ ಎರಡನೆಯದಕ್ಕೆ 4, 4, 3 ಸೇರಿ ಹನ್ನೊಂದು. ಅಂದರೆ ತಮ್ಮ ಇಟ್ಟ ಮನೆಗೆ ಸರಾಸರಿ ನಾಲ್ಕು ಗರಕ್ಕೊಂದು ಕಾರ್ಡ್. ನಾಲ್ಕು ಜನರ ಆಟದಲ್ಲಿ ದಾಳ ಎಪ್ಪತ್ತು ಸಲದ ಆಸುಪಾಸು ಉರುಳುತ್ತದೆ. 36ರ ಎರಡರಷ್ಟು, 72 ಎಂದಿಟ್ಟುಕೊಂಡರೆ ಲೆಕ್ಕ ಸಲೀಸು. ಅಷ್ಟು ಗರಗಳಲ್ಲಿ ಅವನ ಮೂಲೆಗೆ 18 ಕಾರ್ಡ್, ಅವನು ಬಿಟ್ಟ ಮೂಲೆಗೆ 22. ಒಂದು ಹೊಸ ಮನೆಗೆ ಬೇಕಾಗುವುದು ನಾಲ್ಕು ಕಾರ್ಡ್. ಕೆಂಪು ಅಂಕಿಯ ಆಸೆಗೆ ಅವನು ಒಂದು ಮನೆಯಷ್ಟು ಆದಾಯವನ್ನು ಆಟ ಶುರುವಾಗುವ ಮೊದಲೇ ಬಿಟ್ಟುಕೊಟ್ಟ ಹಾಗಾಯಿತು.

ಚುಕ್ಕೆ ಕೂಡಿಸುವುದನ್ನು ಕಲಿಯಲು ಒಂದು ಭಾನುವಾರ ಸಾಕು. ಅದರ ಮುಂದಿನ ಹೆಜ್ಜೆ ಸ್ವಲ್ಪ ಸೂಕ್ಷ್ಮ. ಅಕ್ಕನ ಮೊದಲ ಮನೆ ಎಂಟು, ಐದು, ಹತ್ತು ಕೂಡುವಲ್ಲಿದೆ, ಹನ್ನೆರಡು ಚುಕ್ಕೆ. ಎರಡನೆಯ ಮನೆಗೆ ಅವಳಿಗೆ ಉಳಿದಿರುವುದು ಎರಡು ಒಳ್ಳೆಯ ಮೂಲೆಗಳು: ಒಂದರಲ್ಲಿ ಎಂಟು, ಒಂಬತ್ತು, ಮೂರು, ಇನ್ನೊಂದರಲ್ಲಿ ಆರು, ಒಂಬತ್ತು, ಮೂರು. ಎರಡಕ್ಕೂ ಹನ್ನೊಂದೇ ಚುಕ್ಕೆ. ಎಲ್ಲಿಟ್ಟರೂ ಒಟ್ಟು 23 ಚುಕ್ಕೆ, 72 ಗರಗಳಿಗೆ ಸರಾಸರಿ 46 ಕಾರ್ಡ್. ಚುಕ್ಕೆಯಷ್ಟೇ ನೋಡುವವರಿಗೆ ಎರಡೂ ಒಂದೇ.

ಒಂದೇ ಅಲ್ಲ. ಎಂಟಿನ ಪಕ್ಕ ಮತ್ತೆ ಕೂತರೆ ಅವಳ ಕೈಯಲ್ಲಿರುವುದು ಐದು ಬೇರೆ ಬೇರೆ ಸಂಖ್ಯೆಗಳು. ಎಂಟು, ಐದು, ಹತ್ತು, ಒಂಬತ್ತು, ಮೂರು ಇವುಗಳ ದಾರಿ ಕೂಡಿಸಿದರೆ 18. ಅಂದರೆ 36ರಲ್ಲಿ ಅರ್ಧ ಗರಗಳು ಅವಳಿಗೆ ಏನನ್ನೂ ತರುವುದಿಲ್ಲ. ಎಂಟು ಬಿದ್ದಾಗ ಮಾತ್ರ ಒಟ್ಟಿಗೆ ಎರಡು ಕಾರ್ಡ್. ಆರಿನ ಪಕ್ಕ ಕೂತರೆ ಸಂಖ್ಯೆಗಳು ಆರಾಗುತ್ತವೆ, ದಾರಿಗಳು 23. ಬರಿಗೈಯ ಗರಗಳು 36ರಲ್ಲಿ 13ಕ್ಕೆ ಇಳಿಯುತ್ತವೆ. ಒಂದು ಪೂರ್ತಿ ಸುತ್ತು, ಅಂದರೆ ಸತತ ನಾಲ್ಕು ಗರ, ಒಂದೂ ಕಾರ್ಡ್ ಬಾರದೆ ಕಳೆಯುವ ಸಂಭವ ಮೊದಲ ಆಯ್ಕೆಯಲ್ಲಿ 16ರಲ್ಲಿ ಒಂದು. ಎರಡನೆಯದರಲ್ಲಿ ಸುಮಾರು 59ರಲ್ಲಿ ಒಂದು. ತಿಂಗಳಿಗೆ ಬರುವ ಒಟ್ಟು ಮೊತ್ತ ಒಂದೇ ಆದರೂ ವಾರವಾರ ಬರುವ ಕೂಲಿಗೂ ಯಾವಾಗಲೋ ಒಮ್ಮೆ ಗಂಟಾಗಿ ಬರುವ ಹಣಕ್ಕೂ ಇರುವ ವ್ಯತ್ಯಾಸ ಇದು.

ಗಂಟಾಗಿ ಬರುವುದರಲ್ಲಿ ಇನ್ನೊಂದು ಅಪಾಯವಿದೆ. ಏಳಕ್ಕೆ ಬಿಲ್ಲೆ ಇಲ್ಲ ಎಂದೆವಲ್ಲ, ಏಳು ಬಿದ್ದಾಗ ಬರುವವನು ಕಳ್ಳ. ದಾಳ ಹಾಕಿದವರು ಕಳ್ಳನ ಕಾಯಿಯನ್ನು ತಮಗೆ ಬೇಕಾದ ತುಂಡಿನ ಮೇಲೆ ಇಡುತ್ತಾರೆ. ಅವನು ಅಲ್ಲಿರುವಷ್ಟು ಹೊತ್ತು ಆ ತುಂಡು ಏನನ್ನೂ ಕೊಡುವುದಿಲ್ಲ. ಯಾರಾದರೂ ಮೊದಲು ಹುಡುಕುವುದು ಎದುರಾಳಿಯ ಎರಡು ಮನೆಗಳು ತಾಗಿರುವ ಎಂಟನ್ನೋ ಆರನ್ನೋ. ಎರಡೂ ಮನೆಗಳು ಒಂದೇ ಎಂಟರ ತುಂಡಿಗೆ ಒರಗಿದ್ದರೆ ಕಳ್ಳ ಬಂದ ದಿನ ಅಕ್ಕನ 23 ಚುಕ್ಕೆಗಳಲ್ಲಿ ಹತ್ತು ಒಟ್ಟಿಗೆ ಆರಿಹೋಗುತ್ತವೆ. ಎಂಟರಲ್ಲಿ ಒಂದು, ಆರರಲ್ಲಿ ಒಂದು ಇದ್ದರೆ ಕಳ್ಳ ಒಂದು ಕಡೆ ಕೂತಾಗ ಹೋಗುವುದು ಐದೇ. ಹಾಗಾಗಿ ಅವಳು ಆರನ್ನು ಆರಿಸಿಕೊಳ್ಳುತ್ತಾಳೆ. ಹಿಂದೆ ಬಿದ್ದು, ಮಾಮೂಲಿ ಆದಾಯದಿಂದ ಗೆಲ್ಲುವ ಆಸೆಯೇ ಇಲ್ಲದವರು ಮಾತ್ರ ಬೇಕೆಂದೇ ಎಂಟರ ಮೇಲೆ ಎಂಟು ಪೇರಿಸಬಹುದು. ನಾಲ್ಕು ಎಂಟು ಬೇಗ ಬೇಗ ಬಿದ್ದರೆ ಅವರಿಗೆ ದಾರಿ ತೆರೆಯುತ್ತದೆ, ಬೀಳದಿದ್ದರೆ ಹೇಗೂ ಸೋಲು ಇದ್ದೇ ಇತ್ತು.

ಕಳ್ಳನಿಗೆ ಎರಡನೆಯ ಕೆಲಸವೂ ಇದೆ. ಏಳು ಬಿದ್ದಾಗ ಕೈಯಲ್ಲಿ ಏಳಕ್ಕಿಂತ ಹೆಚ್ಚು ಕಾರ್ಡ್ ಇರುವವರು ಅರ್ಧ ಕಳೆದುಕೊಳ್ಳಬೇಕು. ಎಂಟಿದ್ದರೆ ನಾಲ್ಕು ಹೋಯಿತು. ಏಳರ ಸಂಭವ 36ರಲ್ಲಿ 6, ಆರಕ್ಕೊಂದು, ಹೆದರುವಂಥದ್ದೇನಲ್ಲ ಎನಿಸುತ್ತದೆ. ಆದರೆ ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಈಗ ಉಳಿಸಿಕೊಂಡ ಕಾರ್ಡುಗಳನ್ನು ಮತ್ತೆ ಖರ್ಚು ಮಾಡುವ ಹೊತ್ತಿಗೆ ಎಷ್ಟು ಗರ ಬೀಳುತ್ತವೆ? ನಾಲ್ಕು ಜನರ ಆಟದಲ್ಲಿ ಉಳಿದ ಮೂವರು ಒಂದೊಂದು ಸಲ ಹಾಕುತ್ತಾರೆ. ತನ್ನ ಸರದಿ ಬಂದಾಗಲೂ ಮೊದಲು ದಾಳ, ಆಮೇಲೆ ಕಟ್ಟಡ. ಒಟ್ಟು ನಾಲ್ಕು ಗರ. ಒಂದು ಗರದಲ್ಲಿ ಏಳು ಬೀಳದಿರುವ ಸಂಭವ ಆರರಲ್ಲಿ ಐದು. ನಾಲ್ಕರಲ್ಲೂ ಬೀಳದಿರುವುದಕ್ಕೆ ಆ ಐದರ ಆರನೇ ಭಾಗಗಳನ್ನು ನಾಲ್ಕು ಸಲ ಗುಣಿಸಬೇಕು. ಉತ್ತರ ನೂರಕ್ಕೆ 48. ಅಂದರೆ ಒಂದಾದರೂ ಏಳು ಬೀಳುವ ಸಂಭವ ನೂರಕ್ಕೆ 52. ಮೂವರೇ ಆಡುತ್ತಿದ್ದರೆ ಅದು 42.

ಒಂದು ಸುತ್ತಿನಲ್ಲಿ ಅಕ್ಕನ ಕೈಯಲ್ಲಿ ಎಂಟು ಕಾರ್ಡ್ ಸೇರಿವೆ: ಎರಡು ಅದಿರು, ಮೂರು ಗೋಧಿ, ಒಂದು ಉಣ್ಣೆ, ಒಂದು ಮರ, ಒಂದು ಇಟ್ಟಿಗೆ. ಮೂರು ಅದಿರು, ಎರಡು ಗೋಧಿ ಕೊಟ್ಟರೆ ಒಂದು ಮನೆ ಪಟ್ಟಣವಾಗುತ್ತದೆ. ಒಂದೇ ಒಂದು ಅದಿರು ಕಡಿಮೆ. ಮರ, ಇಟ್ಟಿಗೆ, ಗೋಧಿ, ಉಣ್ಣೆ ಸೇರಿದರೆ ಹೊಸ ಮನೆಯೂ ಆಗುತ್ತದೆ, ಆದರೆ ಅವಳ ರಸ್ತೆಯ ತುದಿಯಲ್ಲಿ ಮನೆ ಇಡುವ ಜಾಗ ಇನ್ನೂ ಇಲ್ಲ. ಭಾವ "ಒಂದು ಸುತ್ತು ಕಾಯಿ, ಅದಿರು ಬಂದೇ ಬರುತ್ತೆ" ಎನ್ನುತ್ತಾರೆ. ಲೆಕ್ಕ ಹೀಗಿದೆ: ಎಂಟನ್ನೂ ಹಿಡಿದುಕೊಂಡು ಕೂತರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಂಭವದಲ್ಲಿ ನಾಲ್ಕು ಕಾರ್ಡ್ ನಷ್ಟ. ಸರಾಸರಿಗೆ ಹಿಡಿದರೆ ಎರಡು ಕಾರ್ಡ್ ಹೋದ ಹಾಗೆಯೇ. ಮರ ಮತ್ತು ಇಟ್ಟಿಗೆ ಕೊಟ್ಟು ರಸ್ತೆ ಹಾಕಿದರೂ ಹೋಗುವುದು ಎರಡೇ ಕಾರ್ಡ್; ಆದರೆ ಬದಲಿಗೆ ಒಂದು ರಸ್ತೆ ಸಿಗುತ್ತದೆ, ಪಟ್ಟಣಕ್ಕೆ ಬೇಕಾದ ಅದಿರು, ಗೋಧಿ ಕೈಯಲ್ಲೇ ಇರುತ್ತವೆ. ಅವಳು ರಸ್ತೆ ಹಾಕುತ್ತಾಳೆ. ಆರು ಕಾರ್ಡಿಗೆ ಇಳಿದದ್ದು ಪೂರ್ತಿ ಕ್ಷೇಮವೇನಲ್ಲ, ಮುಂದಿನ ಗರಗಳಲ್ಲಿ ಇನ್ನೆರಡು ಬಂದರೆ ಮತ್ತೆ ಎಂಟು. ಆದರೂ ಆ ಎರಡು ಬರುವ ಮೊದಲು ಬೀಳುವ ಏಳು ಅವಳ ಕೈಯ ಅರ್ಧವನ್ನು ಕೀಳಲಾರದು.

ಆ ಮಧ್ಯಾಹ್ನ ಗೆದ್ದದ್ದು ಅಕ್ಕನಲ್ಲ. ಪಕ್ಕದ ಮನೆಯ ಹುಡುಗಿ ಗೆದ್ದಳು, ಒಂಬತ್ತರ ಪಕ್ಕ ಎರಡು ಮನೆ ಇಟ್ಟುಕೊಂಡು. ತಮ್ಮ ಅಂದು ಬಿದ್ದ ಪ್ರತಿ ಗರವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದಿಟ್ಟಿದ್ದ. 72 ಗರಗಳಲ್ಲಿ ಎಂಟು ಬಿದ್ದದ್ದು ಆರು ಸಲ, ಒಂಬತ್ತು ಹನ್ನೊಂದು ಸಲ.

"ನೋಡಕ್ಕಾ, ನಿನ್ನ ಚುಕ್ಕೆ ಲೆಕ್ಕ ಎಲ್ಲಿ ಹೋಯ್ತು? ಎಂಟು ಒಂಬತ್ತಕ್ಕಿಂತ ಜಾಸ್ತಿ ಬೀಳ್ಬೇಕಿತ್ತು ತಾನೆ?"

ಬೀಳಬೇಕಿತ್ತು ಎನ್ನುವ ಮಾತಿನಲ್ಲೇ ಗಂಟು ಇರುವುದು. 72 ಗರಗಳಲ್ಲಿ ಎಂಟರ ಸರಾಸರಿ ಹತ್ತು, ಒಂಬತ್ತರದು ಎಂಟು. ಆದರೆ ಸರಾಸರಿ ಒಂದು ಆಟದ ಭವಿಷ್ಯವಲ್ಲ. ಇಂಥ ನಾಲ್ಕು ಆಟ ಆಡಿದರೆ ಸುಮಾರು ಮೂರರಲ್ಲಿ ಎಂಟು ಬೀಳುವುದು 7ರಿಂದ 13 ಸಲದ ಒಳಗೆ. ಉಳಿದೊಂದರಲ್ಲಿ ಅದಕ್ಕೂ ಆಚೀಚೆ. ಒಂಬತ್ತು ಎಂಟನ್ನು ಮೀರಿ ಬೀಳುವುದೂ ನಾಲ್ಕು ಆಟಗಳಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಸಲ ಆಗುವಂಥದ್ದೇ. ಹತ್ತು ಗರಗಳ ತನಕ ಎಂಟು ಮುಖ ತೋರಿಸದೇ ಇರುವ ಸಂಭವವೂ ನೂರಕ್ಕೆ 22. ಹತ್ತು ಸಲ ಬೀಳಲಿಲ್ಲ, ಇನ್ನು ಬಿದ್ದೇ ಬೀಳುತ್ತದೆ ಎಂದು ಹನ್ನೊಂದನೆಯ ಗರಕ್ಕೆ ಆಸೆ ಇಟ್ಟುಕೊಂಡವರು ತಿಳಿಯಬೇಕಾದದ್ದು, ಅಲ್ಲಿಯೂ 36ರಲ್ಲಿ 5 ದಾರಿಗಳೇ ಇವೆ ಎಂಬುದು. ದಾಳ ಹಳೆಯ ಗರಗಳನ್ನು ನೆನಪಿಟ್ಟುಕೊಂಡು ಬಾಕಿ ತೀರಿಸುವುದಿಲ್ಲ.

ಹಾಗಾದರೆ ದಾಳವೇ ಸರಿಯಿಲ್ಲ ಎಂಬ ಅನುಮಾನವನ್ನು ಪರೀಕ್ಷಿಸುವುದು ಹೇಗೆ? ಒಂದು ಮಧ್ಯಾಹ್ನದ ಮೊತ್ತಗಳ ಪಟ್ಟಿಯಿಂದ ಆಗದು. ಮೊತ್ತ ಎರಡು ದಾಳಗಳ ತಪ್ಪನ್ನೂ ಬೆರೆಸಿ ಮುಚ್ಚಿಬಿಡುತ್ತದೆ. ಒಂದೊಂದು ದಾಳವನ್ನೂ ಬೇರೆಯಾಗಿ 600 ಸಲ ಉರುಳಿಸಿ ಬರೆದಿಟ್ಟರೆ ಪ್ರತಿ ಮುಖವೂ ನೂರರ ಆಸುಪಾಸು ಬರಬೇಕು. ಹತ್ತು ಹೆಚ್ಚೋ ಹತ್ತು ಕಡಿಮೆಯೋ ಆದರೆ ಅದು ಸಹಜ. ಒಂದು ಮುಖ 130 ದಾಟಿದರೆ ಆ ದಾಳವನ್ನು ಎತ್ತಿಟ್ಟು ಬೇರೆ ತರುವುದು ಒಳ್ಳೆಯದು.

ಚುಕ್ಕೆಯ ಲೆಕ್ಕಕ್ಕೆ ಅದರದೇ ಮಿತಿಯೂ ಇದೆ. ಎಷ್ಟು ಕಾರ್ಡ್ ಬರುತ್ತವೆ ಎಂದು ಅದು ಹೇಳುತ್ತದೆ, ಅವು ಬೇಕಾದ ಕಾರ್ಡುಗಳೇ ಎಂದು ಹೇಳುವುದಿಲ್ಲ. ದ್ವೀಪದಲ್ಲಿ ಇಟ್ಟಿಗೆಯ ತುಂಡುಗಳು ಮೂರೇ. ಅವುಗಳ ಮೇಲೆ ಮೂರು, ಹನ್ನೊಂದು, ನಾಲ್ಕು ಕೂತಿದ್ದರೆ ಇಡೀ ಆಟಕ್ಕೆ ಇಟ್ಟಿಗೆ ಬರುವುದು ಏಳು ಚುಕ್ಕೆಗಳಿಂದ ಮಾತ್ರ. ಆಗ ಮೂರು ಚುಕ್ಕೆಯ ನಾಲ್ಕರ ಇಟ್ಟಿಗೆ, ಐದು ಚುಕ್ಕೆಯ ಕೆಂಪು ಎಂಟರ ಉಣ್ಣೆಗಿಂತ ಬೆಲೆಬಾಳುತ್ತದೆ. ರಸ್ತೆ ಹಾಕಬೇಕಾದವರೆಲ್ಲ ಆ ಇಟ್ಟಿಗೆಯವರ ಬಳಿ ಬಂದು ಎರಡಕ್ಕೊಂದು ಕೊಟ್ಟು ಕೊಳ್ಳಬೇಕಾಗುತ್ತದೆ. ಮನೆ ಇಡುವ ಮೊದಲು ಒಂದೊಂದು ವಸ್ತುವಿಗೂ ದ್ವೀಪದಲ್ಲಿ ಒಟ್ಟು ಎಷ್ಟು ಚುಕ್ಕೆ ಎಂದು ಎಣಿಸಿಕೊಳ್ಳಲು ಒಂದು ನಿಮಿಷ ಸಾಕು.

ತಮ್ಮನ ನೋಟ್‌ಬುಕ್ಕಿನಲ್ಲಿ ಇದ್ದದ್ದು ಗರಗಳ ಪಟ್ಟಿ ಮಾತ್ರ. ಅದನ್ನು ಎಷ್ಟು ಓದಿದರೂ ಅವನು ಚೆನ್ನಾಗಿ ಆಡಿದನೋ ಇಲ್ಲವೋ ಎಂಬುದು ತಿಳಿಯುವುದಿಲ್ಲ, ಏಕೆಂದರೆ ಅದರಲ್ಲಿ ಅವನ ಕೈವಾಡ ಏನೂ ಇಲ್ಲ. ಅವನು ಬರೆದಿಡದ ಅಂಕಿಗಳು ಬೇರೆ ಇದ್ದವು: ಮನೆ ಇಟ್ಟ ಮೂಲೆಯ ಚುಕ್ಕೆ ಎಷ್ಟು, ಬಿಟ್ಟ ಮೂಲೆಯ ಚುಕ್ಕೆ ಎಷ್ಟು, ಪ್ರತಿ ಸರದಿಯ ಕೊನೆಗೆ ಕೈಯಲ್ಲಿ ಉಳಿದ ಕಾರ್ಡ್ ಎಷ್ಟು. ಒಂಬತ್ತರ ಜಾಗ ಬಿಟ್ಟು ಮೂರು, ಹನ್ನೊಂದರ ಪಕ್ಕ ಕೂತದ್ದು ಒಂಬತ್ತು ಒಂದೂ ಬೀಳದ ದಿನವಾಗಿದ್ದರೂ ಕಡಿಮೆ ಆದಾಯದ ಆಯ್ಕೆಯೇ. ಅಕ್ಕ ಎಂಟನ್ನೂ ಆರನ್ನೂ ಹಂಚಿಕೊಂಡು ಕೂತದ್ದು ಎಂಟು ಆರೇ ಸಲ ಬಿದ್ದ ಆ ದಿನವೂ ಸರಿಯಾದ ಆಯ್ಕೆಯೇ. ಎರಡೂ ಮನೆಗಳನ್ನು ಎಂಟಕ್ಕೇ ಒರಗಿಸಿದ್ದರೆ ಅವಳು ಇನ್ನೂ ಹಿಂದೆ ಬೀಳುತ್ತಿದ್ದಳು. ಮರುವಾರದ ಆಟಕ್ಕೆ ತಮ್ಮ ನೋಟ್‌ಬುಕ್ಕಿನ ಹಾಳೆಯ ನಡುವೆ ಒಂದು ಉದ್ದ ಗೆರೆ ಎಳೆದುಕೊಂಡ. ಎಡಗಡೆ ದಾಳದ ಲೆಕ್ಕ, ಬಲಗಡೆ ತನ್ನ ಲೆಕ್ಕ.